ಆರ್‌ಪಿಸಿ: ದೂರದ ಕರೆ, ಬಾರದ ಉತ್ತರ

ಒಂದು ಕಂಪ್ಯೂಟರಿನಲ್ಲಿ ಓಡುತ್ತಿರುವ ಪ್ರೋಗ್ರಾಂ, ಮತ್ತೊಂದು ಕಂಪ್ಯೂಟರಿನಲ್ಲಿರುವ ಫಂಕ್ಷನ್ನನ್ನು ತನ್ನದೇ ಫಂಕ್ಷನ್ ಎಂಬಂತೆ ಕರೆಯುವ ವಿಧಾನಕ್ಕೆ ರಿಮೋಟ್ ಪ್ರೊಸೀಜರ್ ಕಾಲ್, ಚಿಕ್ಕದಾಗಿ ಆರ್‌ಪಿಸಿ, ಎಂದು ಹೆಸರು. ಹೆಸರು ಬರೆದು, ಆವರಣದಲ್ಲಿ ಬೇಕಾದ ಮೌಲ್ಯಗಳನ್ನು ಕೊಟ್ಟರೆ ಸಾಕು. ನಡುವೆ ತಂತಿ ಇದೆ, ಟವರ್ ಇದೆ, ಬೇರೆ ಊರಿನ ಸರ್ವರ್ ಇದೆ ಎಂಬುದು ಬರೆಯುವವನ ಕಣ್ಣಿಗೆ ಬೀಳುವುದಿಲ್ಲ. ಅದು ಬೀಳಬಾರದು ಎಂಬುದೇ ಈ ವಿಧಾನದ ಉದ್ದೇಶ. ಆದರೆ ನೆಟ್‌ವರ್ಕನ್ನು ಕಣ್ಣಿಂದ ಮರೆಮಾಡಬಹುದೇ ಹೊರತು ಇಲ್ಲವಾಗಿಸಲು ಆಗುವುದಿಲ್ಲ. ತನ್ನದೇ ಕಂಪ್ಯೂಟರಿನ ಫಂಕ್ಷನ್ ಕೊಡುವ ಉತ್ತರ ಎರಡೇ ಬಗೆ: ಆಯಿತು, ಅಥವಾ ಆಗಲಿಲ್ಲ. ದೂರದ ಕರೆಗೆ ಮೂರನೆಯದೊಂದು ಇದೆ: ಆಯಿತೋ ಇಲ್ಲವೋ ಗೊತ್ತಿಲ್ಲ. ಆರ್‌ಪಿಸಿಯ ಐವತ್ತು ವರ್ಷಗಳ ಚರಿತ್ರೆಯ ಬಹುಪಾಲು ಈ ಮೂರನೆಯ ಉತ್ತರದ ಜೊತೆಗಿನ ಗುದ್ದಾಟವೇ.

ಡಾಬಕಾದ ಅಂಗಡಿಯಲ್ಲಿ

ಈ ಮೂರನೆಯ ಉತ್ತರವನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಬೀದರ್ ಜಿಲ್ಲೆಯಲ್ಲಿ ಔರಾದ್ ಕಡೆ, ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಡಾಬಕಾದ ಒಂದು ಕಿರಾಣಿ ಅಂಗಡಿಯನ್ನು ಊಹಿಸಿಕೊಳ್ಳಿ. ಗಿರಾಕಿ 340 ರೂಪಾಯಿಯ ಸಾಮಾನು ಕಟ್ಟಿಸಿಕೊಂಡು, ಗೋಡೆಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತುತ್ತಾನೆ. ಪರದೆಯ ಮೇಲೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಬ್ಯಾಂಕಿನ ಮೆಸೇಜು ಬಂದೇಬಿಟ್ಟಿತು, ಅಂಗಡಿಯ ಸೌಂಡ್‌ಬಾಕ್ಸ್ ಮಾತ್ರ ಸುಮ್ಮನಿದೆ.

"ಕಾಕಾ, ರೊಕ್ಕ ಕಟ್ ಆಗ್ಯಾವ್ರಿ."

"ನನಗ ಬಂದಿಲ್ಲ ನೋಡಪ್ಪ. ಆವಾಜೇ ಬಂದಿಲ್ಲ."

ಇಬ್ಬರೂ ಹೇಳುತ್ತಿರುವುದು ನಿಜ. ಇಬ್ಬರೂ ನೋಡುತ್ತಿರುವುದು ಒಂದೇ ವ್ಯವಹಾರದ ಎರಡು ತುದಿಗಳನ್ನು. ಈಗ ಗಿರಾಕಿ ಮತ್ತೊಮ್ಮೆ ಕಳಿಸಬೇಕೇ, ಕಾಯಬೇಕೇ? ಮತ್ತೊಮ್ಮೆ ಕಳಿಸಿದರೆ 680 ಹೋಗಬಹುದು. ಕಳಿಸದಿದ್ದರೆ ಅಂಗಡಿಯವನಿಗೆ ಏನೂ ಸಿಗದೆ ಹೋಗಬಹುದು. ಪ್ರೋಗ್ರಾಂ ಬರೆಯುವವನ ಮುಂದೆ ಇರುವುದೂ ಇದೇ ಪ್ರಶ್ನೆ, ಅವನು ಮಾತ್ರ ಅದನ್ನು ಅಂಗಡಿ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸುವಂತಿಲ್ಲ.

ಮರೆಮಾಚುವ ಕೆಲಸ ನಡೆಯುವ ಬಗೆ

ಕರೆಯುವ ಪ್ರೋಗ್ರಾಂ ನಿಜವಾಗಿ ಕರೆಯುವುದು ದೂರದ ಫಂಕ್ಷನ್ನನ್ನಲ್ಲ. ಅದೇ ಹೆಸರಿನ, ಅದೇ ರೂಪದ ಒಂದು ಬದಲಿ ಫಂಕ್ಷನ್ ತನ್ನ ಕಂಪ್ಯೂಟರಿನಲ್ಲೇ ಇರುತ್ತದೆ. ಇದಕ್ಕೆ ಸ್ಟಬ್ ಎನ್ನುತ್ತಾರೆ. ಸ್ಟಬ್ ತನಗೆ ಕೊಟ್ಟ ಮೌಲ್ಯಗಳನ್ನು ಬೈಟುಗಳ ಸಾಲಾಗಿ ಕಟ್ಟುತ್ತದೆ, ಯಾವ ಫಂಕ್ಷನ್ ಬೇಕು ಎಂಬ ಗುರುತು ಸೇರಿಸಿ ಪ್ಯಾಕೆಟ್ ಕಳಿಸುತ್ತದೆ, ಆಮೇಲೆ ನಿದ್ದೆ ಹೋಗುತ್ತದೆ. ಆ ಕಡೆ ಇನ್ನೊಂದು ಸ್ಟಬ್ ಗಂಟು ಬಿಚ್ಚಿ, ನಿಜವಾದ ಫಂಕ್ಷನ್ನನ್ನು ಕರೆದು, ಅದರ ಉತ್ತರವನ್ನು ಮತ್ತೆ ಗಂಟು ಕಟ್ಟಿ ಹಿಂದಕ್ಕೆ ಕಳಿಸುತ್ತದೆ. ಈ ಕಡೆಯ ಸ್ಟಬ್ ಎಚ್ಚರಗೊಂಡು, ಏನೂ ನಡೆದೇ ಇಲ್ಲವೆಂಬಂತೆ ಉತ್ತರ ಕೊಟ್ಟು ಮುಗಿಸುತ್ತದೆ. ಈ ಸ್ಟಬ್‌ಗಳನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಫಂಕ್ಷನ್ನಿನ ಹೆಸರು, ಮೌಲ್ಯಗಳ ಬಗೆ ಇವನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಒಂದು ಸಾಧನ ಅವನ್ನು ತಾನೇ ಹುಟ್ಟಿಸುತ್ತದೆ.

ಇಂಥ ಕರೆಯ ಕಲ್ಪನೆಯನ್ನು ಜೇಮ್ಸ್ ವೈಟ್ 1976ರಲ್ಲೇ ಅರ್ಪಾನೆಟ್‌ಗಾಗಿ ಮುಂದಿಟ್ಟಿದ್ದ. ಅದು ಇಂದಿನ ರೂಪ ತಳೆದದ್ದು ಕ್ಯಾಲಿಫೋರ್ನಿಯದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ. ಬ್ರೂಸ್ ನೆಲ್ಸನ್ ಇದೇ ವಿಷಯದ ಮೇಲೆ 1981ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದ. ಆಂಡ್ರ್ಯೂ ಬಿರೆಲ್ ಜೊತೆ ಸೇರಿ ಕಟ್ಟಿದ ವ್ಯವಸ್ಥೆಯ ವಿವರ 1984ರಲ್ಲಿ ಪ್ರಕಟವಾಯಿತು. ಆ ಲೇಖನದ ಅಳತೆಗಳನ್ನು ಇಂದಿಗೂ ಓದಬೇಕು: ಯಾವ ಮೌಲ್ಯವನ್ನೂ ಒಯ್ಯದ ಖಾಲಿ ದೂರದ ಕರೆಗೆ ಸುಮಾರು 1,100 ಮೈಕ್ರೋಸೆಕೆಂಡು, ಅದೇ ಕರೆ ಒಂದೇ ಯಂತ್ರದೊಳಗೆ 9 ಮೈಕ್ರೋಸೆಕೆಂಡು. ಒಂದೇ ಕಟ್ಟಡದ ಎರಡು ಯಂತ್ರಗಳ ನಡುವೆಯೇ ನೂರಿಪ್ಪತ್ತು ಪಟ್ಟು ಅಂತರ.

ಈ ಅಂತರ ಇಂದಿಗೂ ಕಡಿಮೆಯಾಗಿಲ್ಲ, ಹೆಚ್ಚಿದೆ. ಬೀದರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್. ಫೈಬರ್ ಕೂಡ ಅಷ್ಟೇ ದೂರ ಸಾಗುತ್ತದೆ ಎಂದುಕೊಂಡರೆ, ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ, ಹೋಗಿ ಬರಲಿಕ್ಕೇ 7 ಮಿಲಿಸೆಕೆಂಡು ಬೇಕು. ಇದಕ್ಕಿಂತ ಕಡಿಮೆ ಮಾಡಲು ಯಾವ ಎಂಜಿನಿಯರಿಂದಲೂ ಸಾಧ್ಯವಿಲ್ಲ. 200 ಹೆಸರುಗಳ ಪಟ್ಟಿಯನ್ನು ಒಂದೊಂದಾಗಿ ತರಿಸುವ ಲೂಪ್ ಬರೆದವನಿಗೆ ಅದು ಸಾಮಾನ್ಯ ಫಂಕ್ಷನ್ನಿನಂತೆಯೇ ಕಾಣುತ್ತದೆ, ಆದರೆ ದಾರಿಯಲ್ಲೇ 1.4 ಸೆಕೆಂಡು ಕಳೆದುಹೋಗುತ್ತದೆ. ಇದು ನಿಧಾನದ ದೋಷ. ಅಳೆದರೆ ಕಾಣುತ್ತದೆ, ಒಂದೇ ಕರೆಯಲ್ಲಿ 200 ಹೆಸರು ತರಿಸಿದರೆ ವಾಸಿಯಾಗುತ್ತದೆ. ಉತ್ತರವೇ ಬಾರದ ದೋಷಕ್ಕೆ ಅಷ್ಟು ಸುಲಭದ ಮದ್ದಿಲ್ಲ.

ಮೌನಕ್ಕೆ ನಾಲ್ಕು ಅರ್ಥ

ಹಣ ಕಡಿತದ ಕರೆಯನ್ನು ಅತಿ ಸರಳವಾಗಿ ಬರೆದರೆ ಹೀಗಿರುತ್ತದೆ:

```python
r = bank.debit(account, 340)
if r.ok:
    shop.notify(340)
```

ಎರಡನೆಯ ಸಾಲಿಗೆ ಬರುವ ಮೊದಲೇ ಮೌನ ಕವಿಯಿತು ಎಂದುಕೊಳ್ಳಿ. ಕೋರಿಕೆ ಬ್ಯಾಂಕಿಗೆ ಮುಟ್ಟಿಯೇ ಇಲ್ಲದಿರಬಹುದು. ಮುಟ್ಟಿದ ಮೇಲೆ, ಕಡಿತ ಮಾಡುವ ಮುಂಚೆ ಸರ್ವರ್ ಬಿದ್ದಿರಬಹುದು. ಕಡಿತವಾಗಿ, ಉತ್ತರ ದಾರಿಯಲ್ಲಿ ಕಳೆದಿರಬಹುದು. ಅಥವಾ ಇದಾವುದೂ ಅಲ್ಲ, ಸರ್ವರ್ ಬರೀ ನಿಧಾನವಾಗಿದೆ, ಉತ್ತರ ಇನ್ನು ಎರಡು ಸೆಕೆಂಡಿನಲ್ಲಿ ಬರಲಿದೆ. ಮೊದಲೆರಡರಲ್ಲಿ ಹಣ ಹೋಗಿಲ್ಲ, ಮೂರನೆಯದರಲ್ಲಿ ಹೋಗಿದೆ, ನಾಲ್ಕನೆಯದರಲ್ಲಿ ಹೋಗಲಿದೆ. ಕರೆದವನಿಗೆ ಈ ನಾಲ್ಕೂ ಒಂದೇ ಥರ ಕಾಣುತ್ತವೆ.

ರಿಜಿಸ್ಟರ್ ಪತ್ರದ ಜೊತೆ ಅಕ್ನಾಲೆಜ್‌ಮೆಂಟ್ ಕಾರ್ಡು ಅಂಟಿಸಿ ಕಳಿಸಿದವರಿಗೆ ಇದು ಹಳೆಯ ಅನುಭವ. ಕಾರ್ಡು ವಾಪಸು ಬರದಿದ್ದರೆ ಕಳೆದದ್ದು ಪತ್ರವೋ ಕಾರ್ಡೋ ಹೇಳಲಾಗದು. ಕಾರ್ಡು ಮುಟ್ಟಿತು ಎಂದು ತಿಳಿಸಲು ಇನ್ನೊಂದು ಕಾರ್ಡು ಇಟ್ಟರೆ ಅದೂ ಕಳೆಯಬಹುದು. ಪ್ಯಾಕೆಟ್ ಕಳೆಯಬಹುದಾದ ದಾರಿಯ ಮೇಲೆ, ಎಷ್ಟು ಸುತ್ತು ಮಾತಾಡಿದರೂ ಎರಡೂ ಕಡೆಯವರು ಒಂದೇ ತೀರ್ಮಾನಕ್ಕೆ ಬಂದಿದ್ದೇವೆಂದು ಖಚಿತವಾಗಿ ತಿಳಿಯಲಾರರು. ಅಕ್ಕೊಯುನ್ಲು, ಏಕನಾಥಮ್, ಹ್ಯೂಬರ್ ಇದನ್ನು 1975ರಲ್ಲಿ ತೋರಿಸಿದರು. ಜಿಮ್ ಗ್ರೇ 1978ರಲ್ಲಿ ಇದಕ್ಕೆ ಇಬ್ಬರು ಸೇನಾಪತಿಗಳ ಕಥೆಯ ರೂಪ ಕೊಟ್ಟ. ಹೀಗಾಗಿ ಇದು ಒಳ್ಳೆಯ ಸಾಫ್ಟ್‌ವೇರಿನಿಂದ ಹೋಗುವ ರೋಗವಲ್ಲ.

ಬಿರೆಲ್, ನೆಲ್ಸನ್ ಇದನ್ನು ಚೆನ್ನಾಗಿ ಬಲ್ಲವರು. ಅವರು ಕೊಟ್ಟ ಭರವಸೆ ಅಳತೆಯದು: ಉತ್ತರ ಬಂದರೆ ಫಂಕ್ಷನ್ ಸರಿಯಾಗಿ ಒಮ್ಮೆ ಓಡಿದೆ ಎಂದರ್ಥ, ಬರದೆ ದೋಷ ವರದಿಯಾದರೆ ಅದು ಒಮ್ಮೆ ಓಡಿರಬಹುದು, ಓಡದೆಯೂ ಇರಬಹುದು. ಎರಡು ಸಲ ಮಾತ್ರ ಓಡಿರುವುದಿಲ್ಲ. ಇನ್ನೊಂದು ಕುತೂಹಲದ ಸಂಗತಿ, ಅವರ ವ್ಯವಸ್ಥೆಯಲ್ಲಿ ಕರೆಗೆ ಕಾಲಮಿತಿಯೇ ಇರಲಿಲ್ಲ. ಆ ಕಡೆಯ ಯಂತ್ರ ಬದುಕಿದೆಯೇ ಎಂದು ನಡುನಡುವೆ ವಿಚಾರಿಸಿಕೊಳ್ಳುತ್ತ, ಅದು ಓಗೊಡುತ್ತಿರುವವರೆಗೂ ಸ್ಟಬ್ ಕಾಯುತ್ತಿತ್ತು. ಸ್ಥಳೀಯ ಫಂಕ್ಷನ್ನಿಗೆ ಕಾಲಮಿತಿ ಇಲ್ಲವಲ್ಲ, ಹಾಗಾಗಿ ಇದಕ್ಕೂ ಬೇಡ ಎಂಬ ತರ್ಕ. ಒಂದೇ ಕಟ್ಟಡದ ಯಂತ್ರಗಳಿಗೆ ಆ ತರ್ಕ ಒಪ್ಪುತ್ತದೆ, ಗಿರಾಕಿ ಕಾಯುತ್ತಿರುವ ಅಂಗಡಿಗೆ ಒಪ್ಪದು.

ಮತ್ತೆ ಕಳಿಸುವ ಚಟ

ಸನ್ ಮೈಕ್ರೋಸಿಸ್ಟಮ್ಸ್ 1985ರಲ್ಲಿ ಹೊರತಂದ ಎನ್‌ಎಫ್‌ಎಸ್ ಆರ್‌ಪಿಸಿಯ ಮೇಲೆ ನಿಂತ ಕಡತ ವ್ಯವಸ್ಥೆ. ಬೇರೊಂದು ಯಂತ್ರದ ಡಿಸ್ಕು ತನ್ನದೇ ಫೋಲ್ಡರಿನಂತೆ ಕಾಣುತ್ತಿತ್ತು. ಉತ್ತರ ಬರದಿದ್ದರೆ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸುವುದು ಅದರ ಪದ್ಧತಿ. ಕಡತದ ಮೊದಲ 4,096 ಬೈಟು ಓದು ಎಂಬ ಕೋರಿಕೆಯನ್ನು ಹತ್ತು ಸಲ ಮಾಡಿದರೂ ನಷ್ಟವಿಲ್ಲ, ಫಲ ಒಂದೇ. ಫೋಲ್ಡರ್ ಹುಟ್ಟಿಸು ಎಂಬ ಕೋರಿಕೆ ಹಾಗಲ್ಲ. ಮೊದಲ ಸಲ ಫೋಲ್ಡರ್ ಹುಟ್ಟಿತು, ಉತ್ತರ ಕಳೆಯಿತು. ಎರಡನೆಯ ಸಲ ಸರ್ವರ್ ಹೇಳಿತು: ಆ ಹೆಸರಿನ ಫೋಲ್ಡರ್ ಆಗಲೇ ಇದೆ. ಬಳಕೆದಾರನ ಪರದೆಯ ಮೇಲೆ `EEXIST` ದೋಷ, ಡಿಸ್ಕಿನ ಮೇಲೆ ಅವನು ಕೇಳಿದ ಫೋಲ್ಡರ್. ಕೆಲಸ ಆಗಿದೆ, ವರದಿ ಆಗಿಲ್ಲವೆಂದು ಬಂದಿದೆ. ಇದನ್ನು ತಡೆಯಲು ಇತ್ತೀಚಿನ ಕೋರಿಕೆಗಳನ್ನೂ ಉತ್ತರಗಳನ್ನೂ ಸರ್ವರ್ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಆಮೇಲೆ ಬಂತು. ಆ ನೆನಪು ಮೆಮೊರಿಯಲ್ಲಿದ್ದರೆ ಸರ್ವರ್ ಬಿದ್ದೆದ್ದಾಗ ಅಳಿಸಿಹೋಗುತ್ತದೆ ಎಂಬುದು ಬೇರೆ ಮಾತು.

ಎನ್‌ಎಫ್‌ಎಸ್ ಬಳಸಿದವರಾರೂ ಮರೆಯದ ಒಂದು ಸಾಲು ಇದು:

```
nfs: server not responding, still trying
```

ಸರ್ವರಿನ ಹೆಸರೂ ಇದರಲ್ಲಿ ಇರುತ್ತದೆ. ಅಷ್ಟು ಹೊತ್ತಿಗೆ ಆ ಫೋಲ್ಡರನ್ನು ಮುಟ್ಟಿದ ಪ್ರೋಗ್ರಾಂ ಕಲ್ಲಾಗಿ ನಿಂತಿರುತ್ತದೆ. ಕಡತ ಓದುವ ಸಾಮಾನ್ಯ ಫಂಕ್ಷನ್ನಿನಲ್ಲಿ "ಗೊತ್ತಿಲ್ಲ" ಎಂದು ಹೇಳಲು ಜಾಗವೇ ಇರಲಿಲ್ಲವಾದ್ದರಿಂದ ಅನಂತವಾಗಿ ಕಾಯುವುದೊಂದೇ ಪ್ರಾಮಾಣಿಕ ದಾರಿ. ಕಾಯದೆ ಸೋಲೊಪ್ಪುವ ಆಯ್ಕೆಯೂ ಇತ್ತು. ಅದನ್ನು ಆಯ್ದವರು ಅರ್ಧ ಬರೆದ ಕಡತಗಳನ್ನು ಕಂಡರು.

ಅದೇ ಸನ್ ಸಂಸ್ಥೆಯ ಜಿಮ್ ವಾಲ್ಡೊ ಮತ್ತು ಮೂವರು ಸಹೋದ್ಯೋಗಿಗಳು 1994ರಲ್ಲಿ ಒಂದು ಚಿಕ್ಕ ವರದಿ ಬರೆದು, ದೂರದ ವಸ್ತುವನ್ನೂ ಹತ್ತಿರದ ವಸ್ತುವನ್ನೂ ಒಂದೇ ಥರ ಕಾಣುವಂತೆ ಮಾಡುವ ಹಟವೇ ತಪ್ಪು ಎಂದು ವಾದಿಸಿದರು. ನಿಧಾನವನ್ನು ಹೇಗಾದರೂ ಸಹಿಸಬಹುದು, ಒಂದು ಭಾಗ ಸತ್ತು ಇನ್ನೊಂದು ಬದುಕಿರುವ ಸ್ಥಿತಿಯನ್ನು ಮರೆಮಾಚಲಾಗದು ಎಂಬುದು ಅವರ ಮಾತಿನ ತಿರುಳು. ಜಾವಾದ ದೂರಕರೆ ವ್ಯವಸ್ಥೆ 1997ರಲ್ಲಿ ಬಂದಾಗ ಅದರ ಪ್ರತಿಯೊಂದು ದೂರದ ಫಂಕ್ಷನ್ನೂ `RemoteException` ಎಂಬ ದೋಷವನ್ನು ಮೊದಲೇ ಘೋಷಿಸಬೇಕೆಂದು ವಿಧಿಸಿದ್ದು ಈ ವಿಚಾರದ ಫಲ. ಮರೆಯ ಪರದೆಗೆ ಅವರು ಬೇಕೆಂದೇ ಒಂದು ತೂತು ಇಟ್ಟರು. ಪ್ರೋಗ್ರಾಮರುಗಳು ಅದಕ್ಕೆ ಖಾಲಿ `catch` ತೇಪೆ ಹಾಕಿ ಮುಚ್ಚಿದ್ದೂ ಉಂಟು.

ಕೋರಿಕೆಗೊಂದು ಹೆಸರು

ಮತ್ತೆ ಕಳಿಸುವುದನ್ನು ನಿಲ್ಲಿಸಲಾಗದು, ಎರಡು ಸಲ ಕಡಿತವಾಗುವುದನ್ನೂ ಒಪ್ಪಲಾಗದು. ಇವೆರಡರ ನಡುವೆ ದಾರಿ ತೆಗೆಯುವ ಉಪಾಯ ಒಂದೇ. ಪ್ರತಿ ಕೋರಿಕೆಗೂ ಕರೆಯುವವನೇ ಒಂದು ಗುರುತಿನ ಸಂಖ್ಯೆ ಕೊಡಬೇಕು, ಮತ್ತೆ ಕಳಿಸುವಾಗ ಅದೇ ಸಂಖ್ಯೆಯನ್ನು ಕಳಿಸಬೇಕು.

```python
txn = new_id()
save(txn, "PENDING")
try:
    r = bank.debit(txn, account, 340, timeout=10)
    save(txn, r.status)
except Timeout:
    check_later(txn)
```

ಎರಡನೆಯ ಸಾಲು ನಾಲ್ಕನೆಯ ಸಾಲಿಗಿಂತ ಮುಂಚೆ ಇರುವುದು ಆಕಸ್ಮಿಕವಲ್ಲ. ಕರೆ ಮಾಡಿದ ಮೇಲೆ ಸಂಖ್ಯೆ ಬರೆದಿಡೋಣ ಎಂದುಕೊಂಡವನ ಫೋನು ನಡುವೆ ಆರಿಹೋದರೆ, ಏನನ್ನು ಕೇಳಬೇಕೆಂಬುದೇ ಮರೆತುಹೋಗುತ್ತದೆ. ಕೊನೆಯ ಸಾಲೂ ಅಷ್ಟೇ ಮುಖ್ಯ: ಟೈಮ್‌ಔಟ್ ಆದಾಗ `FAILED` ಎಂದು ಬರೆಯುತ್ತಿಲ್ಲ. ಟೈಮ್‌ಔಟನ್ನು ಸೋಲೆಂದು ದಾಖಲಿಸುವುದು ಈ ಕಸುಬಿನ ಅತಿ ಸಾಮಾನ್ಯ ತಪ್ಪು. ಪತ್ತೆ ಹಚ್ಚುವುದೂ ಸುಲಭ: ಕರೆದವನ ಪಟ್ಟಿಯಲ್ಲಿ ಸೋತ ವ್ಯವಹಾರಗಳನ್ನು ತೆಗೆದು ಸರ್ವರಿನ ಪಟ್ಟಿಯಲ್ಲಿ ಹುಡುಕಿದರೆ ಅವುಗಳಲ್ಲಿ ಕೆಲವು ಗೆದ್ದಿರುತ್ತವೆ.

ಸರ್ವರಿನ ಕಡೆಯೂ ಒಂದು ಶಿಸ್ತು ಬೇಕು. ಕಡಿತ ಮಾಡುವುದು, ಆ ಸಂಖ್ಯೆಯ ಕೆಲಸ ಆಗಿದೆ ಎಂದು ಬರೆದಿಡುವುದು, ಇವೆರಡೂ ಡೇಟಾಬೇಸಿನ ಒಂದೇ ವ್ಯವಹಾರದೊಳಗೆ ಆಗಬೇಕು, ಆದರೆ ಎರಡೂ, ಇಲ್ಲದಿದ್ದರೆ ಒಂದೂ ಇಲ್ಲ. ಮೊದಲು ಕಡಿತ, ಆಮೇಲೆ ದಾಖಲೆ ಎಂದಿಟ್ಟುಕೊಂಡರೆ, ನಡುವೆ ಕರೆಂಟು ಹೋದಾಗ ಮರುಕೋರಿಕೆ ಎರಡನೆಯ ಕಡಿತ ಮಾಡುತ್ತದೆ. ಮೊದಲು ದಾಖಲೆ ಎಂದಿಟ್ಟರೆ ಕಡಿತವೇ ಆಗದೆ ಆಯಿತೆಂಬ ಉತ್ತರ ಹೋಗುತ್ತದೆ. "ನಿಖರವಾಗಿ ಒಮ್ಮೆ" ಎಂದು ಮಾರಾಟಗಾರರು ಹೇಳುವ ಗುಣ ವಾಸ್ತವದಲ್ಲಿ ಇಷ್ಟೇ: ಕೋರಿಕೆ ಎಷ್ಟೋ ಸಲ ಬರಬಹುದು, ಅದರ ಫಲ ಒಮ್ಮೆ ಮಾತ್ರ.

ಯುಪಿಐ ಒಳಗೆ

2016ರಲ್ಲಿ ಶುರುವಾದ ಯುಪಿಐಯ ರಚನೆಯನ್ನು ನೋಡಿದರೆ, ಅದನ್ನು ಕಟ್ಟಿದವರು ನೆಟ್‌ವರ್ಕನ್ನು ಫಂಕ್ಷನ್ನಿನ ವೇಷದಲ್ಲಿ ಅಡಗಿಸಲು ಹೊರಟಿರಲಿಲ್ಲ ಎಂಬುದು ಸ್ಪಷ್ಟ. ಗಿರಾಕಿಯ ಆ್ಯಪ್‌ನ ಹಿಂದಿರುವ ಬ್ಯಾಂಕು, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಗೆ `ReqPay` ಕಳಿಸುತ್ತದೆ. ಅದಕ್ಕೆ ಕೂಡಲೇ ಬರುವುದು "ಕೋರಿಕೆ ಮುಟ್ಟಿತು" ಎಂಬ `Ack` ಮಾತ್ರ. ಫಲಿತಾಂಶ ಹೊತ್ತ `RespPay` ಆಮೇಲೆ, ಬೇರೆಯೇ ಸಂದೇಶವಾಗಿ ಬರುತ್ತದೆ. ನಡುವೆ ಎನ್‌ಪಿಸಿಐ ಗಿರಾಕಿಯ ಬ್ಯಾಂಕಿಗೆ ಕಡಿತ ಮಾಡಲು ಹೇಳುತ್ತದೆ, ಅದು ಆದ ಮೇಲೆ ಅಂಗಡಿಯವನ ಬ್ಯಾಂಕಿಗೆ ಜಮಾ ಮಾಡಲು ಹೇಳುತ್ತದೆ. ಎಲ್ಲ ಹೆಜ್ಜೆಯಲ್ಲೂ ವ್ಯವಹಾರದ ಒಂದೇ ಗುರುತಿನ ಸಂಖ್ಯೆ ಸಾಗುತ್ತದೆ. ಉತ್ತರ ಬರದಿದ್ದರೆ ಕೇಳಲು `ReqChkTxn` ಎಂಬ ಪ್ರತ್ಯೇಕ ಕೋರಿಕೆ ಇದೆ: ಈ ಸಂಖ್ಯೆಯದು ಏನಾಯಿತು?

ಮೌನ ಎಲ್ಲಿ ಕವಿಯಿತು ಎಂಬುದರ ಮೇಲೆ ತೀರ್ಮಾನವೂ ಬೇರೆಯಾಗುತ್ತದೆ. ಕಡಿತದ ಹೆಜ್ಜೆಯಲ್ಲಿ ಗಿರಾಕಿಯ ಬ್ಯಾಂಕು ಸುಮ್ಮನಾದರೆ ವ್ಯವಹಾರವನ್ನು ಅಲ್ಲಿಗೇ ಬಿಟ್ಟು, ಕಡಿತವಾಗಿದ್ದರೆ ಹಿಂದಿರುಗಿಸು ಎಂದು ಹೇಳುವುದು ಕ್ಷೇಮ, ಏಕೆಂದರೆ ಅಂಗಡಿಯವನಿಗೆ ಇನ್ನೂ ಏನೂ ಹೋಗಿಲ್ಲ. ಜಮಾದ ಹೆಜ್ಜೆಯಲ್ಲಿ ಅಂಗಡಿಯವನ ಬ್ಯಾಂಕು ಸುಮ್ಮನಾದರೆ ಹಾಗೆ ಮಾಡುವಂತಿಲ್ಲ. ಜಮಾ ಆಗಿದ್ದು ಉತ್ತರ ಮಾತ್ರ ಕಳೆದಿದ್ದರೆ, ಗಿರಾಕಿಗೆ ಹಿಂದಿರುಗಿಸಿದ ಹಣ ಎರಡು ಕಡೆ ಇದ್ದಂತಾಗುತ್ತದೆ. ಆದ್ದರಿಂದ ಇಂಥದ್ದನ್ನು "ಡೀಮ್ಡ್", ಅಂದರೆ ಆಗಿದೆಯೆಂದು ಭಾವಿಸಿದ್ದು, ಎಂದು ಗುರುತಿಸಿ ಬದಿಗಿಡುತ್ತಾರೆ. ಆಮೇಲೆ ಜಮಾ ಮಾಡಬೇಕಾದ ಬ್ಯಾಂಕು ತನ್ನ ಲೆಕ್ಕ ನೋಡಿ, ಜಮಾ ಆಗಿದೆ ಎಂದು ದೃಢಪಡಿಸುತ್ತದೆ ಅಥವಾ ಹಣ ಹಿಂದಿರುಗಿಸುತ್ತದೆ. ಡಾಬಕಾದ ನಮ್ಮ ಗಿರಾಕಿಯ 340 ರೂಪಾಯಿ ಸಿಕ್ಕಿಕೊಂಡಿರಬಹುದಾದ ಒಂದು ಜಾಗ ಇದು.

ಇನ್ನೊಂದು ಸಾಧ್ಯತೆಯೂ ಇದೆ. ಹಣ ಅಂಗಡಿಯವನ ಖಾತೆಗೆ ಬಂದೇ ಇರಬಹುದು, ಸೌಂಡ್‌ಬಾಕ್ಸಿಗೆ ಹೋಗಬೇಕಾದ ಸಂದೇಶ ಮಾತ್ರ ಮುಟ್ಟಿಲ್ಲದಿರಬಹುದು. ಆ ಡಬ್ಬಿಗೆ ಅದರದೇ ಸಿಮ್ಮು, ಅದರದೇ ಟವರು. ಅದು ಕೂಗಿದರೆ ಹಣ ಬಂದಿದೆ ಎನ್ನಬಹುದು. ಕೂಗದಿದ್ದರೆ ಬಂದಿಲ್ಲ ಎನ್ನಲಾಗದು. ಹಾಗಾಗಿ ಗಿರಾಕಿ ಕಾಯುವಾಗ ಅಂಗಡಿಯವನು ಡಬ್ಬಿಯನ್ನು ಬಿಟ್ಟು ಖಾತೆಯ ವಿವರವನ್ನೇ ತೆರೆದು ನೋಡುವುದು ಸರಿಯಾದ ಕ್ರಮ.

ಕೇಳಿ ಕೇಳಿ ಮುಳುಗಿಸುವುದು

ವಿಚಾರಿಸುವುದು ಹಣ ಕಳಿಸುವಷ್ಟು ಅಪಾಯದ್ದಲ್ಲ, ಎಷ್ಟು ಸಲ ಕೇಳಿದರೂ ಲೆಕ್ಕ ಕೆಡುವುದಿಲ್ಲ. ಅಂದಮಾತ್ರಕ್ಕೆ ಪುಕ್ಕಟೆಯೂ ಅಲ್ಲ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ತತ್ತರಿಸಿತು. ಆಮೇಲೆ ಹೊರಬಿದ್ದ ಕಾರಣ ಇದು: ಕೆಲವು ಬ್ಯಾಂಕುಗಳು ವ್ಯವಹಾರದ ಸ್ಥಿತಿ ಕೇಳುವ ಕೋರಿಕೆಗಳನ್ನು, ಹಳೆಯ ವ್ಯವಹಾರಗಳಿಗೂ ಸೇರಿಸಿ, ಪ್ರವಾಹದಂತೆ ಕಳಿಸುತ್ತಿದ್ದವು.

ಇದರ ಗಣಿತ ಸಣ್ಣದು. ಆ್ಯಪ್ ಮೂರು ಸಲ ಯತ್ನಿಸುತ್ತದೆ, ಅದರ ಹಿಂದಿನ ಸರ್ವರ್ ಪ್ರತಿಯೊಂದನ್ನೂ ಮೂರು ಸಲ, ಅದರ ಹಿಂದಿನದು ಮತ್ತೆ ಮೂರು ಸಲ ಎಂದುಕೊಳ್ಳಿ. ಗಿರಾಕಿಯ ಒಂದು ಬೆರಳೊತ್ತು ಕೊನೆಯ ಡೇಟಾಬೇಸಿಗೆ 27 ಕೋರಿಕೆಗಳಾಗಿ ಬಡಿಯುತ್ತದೆ. ಡೇಟಾಬೇಸು ಚೆನ್ನಾಗಿರುವಾಗ ಇದು ಕಾಣುವುದಿಲ್ಲ, ಮೊದಲ ಯತ್ನದಲ್ಲೇ ಉತ್ತರ ಬರುತ್ತದೆ. ಅದು ಸ್ವಲ್ಪ ನಿಧಾನವಾದ ಗಳಿಗೆಯಲ್ಲೇ 27 ಪಟ್ಟು ಹೊರೆ ಬೀಳುತ್ತದೆ, ನಿಧಾನ ಹೆಚ್ಚುತ್ತದೆ, ಟೈಮ್‌ಔಟ್ ಹೆಚ್ಚುತ್ತದೆ, ಮರುಯತ್ನ ಹೆಚ್ಚುತ್ತದೆ. ಪ್ರತಿ ಪದರದ ಪ್ರೋಗ್ರಾಮರೂ ತನ್ನ ಮಟ್ಟಿಗೆ ಎಚ್ಚರದಿಂದಲೇ ಬರೆದಿರುತ್ತಾನೆ. ಕೆಳಗೆ ಎಷ್ಟು ಪದರವಿದೆ ಎಂಬುದು ಅವನಿಗೆ ಕಾಣದಿರುವುದೇ ತೊಡಕು, ಏಕೆಂದರೆ ಅವನು ಕರೆದದ್ದು ಬರೀ ಒಂದು ಫಂಕ್ಷನ್ನನ್ನು. ಲಕ್ಷಣ ಗುರುತಿಸಬೇಕೆಂದರೆ ಹೊಸ ವ್ಯವಹಾರಗಳ ಎಣಿಕೆಯನ್ನೂ ಒಟ್ಟು ಕೋರಿಕೆಗಳ ಎಣಿಕೆಯನ್ನೂ ಒಂದೇ ನಕ್ಷೆಯಲ್ಲಿ ನೋಡಬೇಕು. ಮೊದಲನೆಯದು ಇದ್ದಲ್ಲೇ ಇದ್ದು ಎರಡನೆಯದು ಏರುತ್ತಿದ್ದರೆ ಒಳಗೇ ಪ್ರವಾಹ ಎದ್ದಿದೆ.

ಎನ್‌ಪಿಸಿಐ ಆಮೇಲೆ ಹೊರಡಿಸಿದ ನಿಯಮಗಳು ಈ ರೋಗಕ್ಕೇ ಬರೆದ ಚೀಟಿಯಂತಿವೆ. ಒಂದು ವ್ಯವಹಾರದ ಸ್ಥಿತಿಯನ್ನು ಹೆಚ್ಚೆಂದರೆ ಮೂರು ಸಲ, ಅದೂ ಎರಡು ಗಂಟೆಯೊಳಗೆ ಕೇಳಬಹುದು. ಮೊದಲ ಸಲ ಕೇಳುವ ಮುನ್ನ ಕಾಯಬೇಕಾದ ಅವಧಿ ಮೊದಲು 90 ಸೆಕೆಂಡು ಇತ್ತು, ಅದು 45-60 ಸೆಕೆಂಡಿಗೆ ಇಳಿಯಿತು. 2025ರ ಜೂನ್ 16ರಿಂದ ಪಾವತಿಯ ಉತ್ತರಕ್ಕೆ ಕಾಯುವ ಮಿತಿ 30 ಸೆಕೆಂಡಿನಿಂದ 15ಕ್ಕೆ, ಸ್ಥಿತಿ ವಿಚಾರಣೆಯದು 30ರಿಂದ 10ಕ್ಕೆ ಬಂತು.

ಕಾಲಮಿತಿ ಇಳಿಸುವುದು ಎರಡು ಬಾಯಿಯ ಕತ್ತಿ. ದೊಡ್ಡದಾಗಿಟ್ಟರೆ ಕಾಯುವವರ ಸಾಲು ಬೆಳೆದು ಸರ್ವರಿನ ಮೆಮೊರಿ ತುಂಬುತ್ತದೆ. ಚಿಕ್ಕದಾಗಿಟ್ಟರೆ ಇನ್ನೇನು ಬರಲಿದ್ದ ಉತ್ತರಗಳೂ "ಗೊತ್ತಿಲ್ಲ" ಪಟ್ಟಿಗೆ ಸೇರುತ್ತವೆ. ಗೂಗಲ್ 2015ರಲ್ಲಿ ಹೊರತಂದ ಜಿಆರ್‌ಪಿಸಿ ಇಲ್ಲಿ ಒಂದು ಒಳ್ಳೆಯ ರೂಢಿ ತಂದಿತು: ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದು ಕರೆಯ ಜೊತೆಗೇ `grpc-timeout` ಎಂಬ ಹೆಸರಲ್ಲಿ ಸಾಗುತ್ತದೆ. ಎರಡು ಸೆಕೆಂಡು ಉಳಿದಿರುವ ಕೋರಿಕೆಯನ್ನು ಮೂರು ಸೆಕೆಂಡಿನ ಸಾಲಿನಲ್ಲಿ ನಿಲ್ಲಿಸಿ ಪ್ರಯೋಜನವಿಲ್ಲ ಎಂದು ಸರ್ವರ್ ತಾನೇ ತಿಳಿದು ಕೈಬಿಡಬಹುದು. ಆದರೂ ಕರೆದವನಿಗೆ `DEADLINE_EXCEEDED` ಬಂದು, ಸರ್ವರಿನ ದಾಖಲೆಯಲ್ಲಿ ಅದೇ ಕರೆ ಗೆದ್ದಿರುವುದು ಸಾಧ್ಯ. ಅದರ ಕೈಪಿಡಿಯೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಅಲ್ಲಿಗೂ ಬಗೆಹರಿಯದೆ ಉಳಿದದ್ದಕ್ಕೆ ಪ್ರೋಗ್ರಾಮಿನಲ್ಲಿ ಉತ್ತರವಿಲ್ಲ, ಕಾಯಿದೆಯಲ್ಲಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಯುಪಿಐಯಲ್ಲಿ ಖಾತೆಯಿಂದ ಕಡಿತವಾಗಿ ಇನ್ನೊಬ್ಬರ ಖಾತೆಗೆ ಜಮಾ ಆಗದಿದ್ದರೆ ಮರುದಿನದೊಳಗೆ ಹಣ ತಾನಾಗಿ ವಾಪಸಾಗಬೇಕು. ಅಂಗಡಿಗೆ ಮಾಡಿದ ಪಾವತಿಗೆ ಖಾತ್ರಿ ಸಿಗದಿದ್ದರೆ ಐದು ದಿನ. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಗಿರಾಕಿಗೆ ಪರಿಹಾರ.